ಉಪಸಂಹಾರದಲ್ಲಿ ‘ಹೊಂಡದಿಂದ ಇಳುವರಿ ಹೆಚ್ಚಿದೆ’ ಎಂದು ಬರೆಯಬಹುದೇ?

ರೇಣುಕಾ (ಸೋಮವಾರ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನನ್ನ ಪಿಎಚ್.ಡಿ. ಪ್ರಬಂಧದ ಕೊನೆಯ ಅಧ್ಯಾಯ ಮೂರನೆಯ ಸಲ ಮಾರ್ಗದರ್ಶಕರ ಮೇಜಿನಿಂದ ವಾಪಸಾಗಿದೆ. ಅಂಚಿನಲ್ಲಿ ಕೆಂಪು ಶಾಯಿಯ ಎರಡೇ ಟಿಪ್ಪಣಿಗಳಿವೆ. ಒಂದು, ‘ಇದು ಸಾರಾಂಶದ ನಕಲು’. ಇನ್ನೊಂದು, ‘ಇಷ್ಟನ್ನು ನೀವು ತೋರಿಸಿದ್ದೀರಾ?’ ಎರಡೂ ಸರಿ ಎಂದು ನನಗೇ ಅನ್ನಿಸುತ್ತಿದೆ. ಆದರೆ ತಿದ್ದಲು ಕುಳಿತರೆ ಮತ್ತೆ ಅದೇ ವಾಕ್ಯಗಳು ಬರುತ್ತಿವೆ.

ವಿಷಯ ಹೇಳುತ್ತೇನೆ. ಕೃಷಿಭಾಗ್ಯ ಯೋಜನೆ 2014ರಲ್ಲಿ ಶುರುವಾಯಿತಲ್ಲ, ಅದರಡಿ ತೆಗೆದ ಕೃಷಿ ಹೊಂಡಗಳ ಬಗ್ಗೆ ನನ್ನ ಅಧ್ಯಯನ. ಪಾವಗಡ ತಾಲ್ಲೂಕಿನ ಆರು ಹಳ್ಳಿಗಳಲ್ಲಿ ಹೊಂಡವಿರುವ 60 ಕುಟುಂಬಗಳನ್ನೂ ಹೊಂಡವಿಲ್ಲದ 60 ಕುಟುಂಬಗಳನ್ನೂ 2023ರ ಮುಂಗಾರು ಬೆಳೆ ಒಕ್ಕಣೆಯಾದ ಮೇಲೆ ಮಾತನಾಡಿಸಿದ್ದೇನೆ. ಮೊದಲ ಅಧ್ಯಾಯದಲ್ಲಿ ಮೂರು ಪ್ರಶ್ನೆಗಳಿವೆ. ಹೊಂಡ ಯಾರ ಜಮೀನಿಗೆ ಬಂತು? ಹೊಂಡದಿಂದ ಶೇಂಗಾ ಇಳುವರಿಯ ಮೇಲೆ ಆದ ಪರಿಣಾಮವೇನು? ಕೆಲವು ಹೊಂಡಗಳು ಏಕೆ ಬಳಕೆಯಿಲ್ಲದೆ ಬಿದ್ದಿವೆ?

ಈಗಿರುವ ಉಪಸಂಹಾರದ ಒಂದು ಭಾಗ ಇದು:

‘ಪ್ರಸ್ತುತ ಅಧ್ಯಯನವು ಪಾವಗಡ ತಾಲ್ಲೂಕಿನ 120 ಕುಟುಂಬಗಳನ್ನು ಆಧರಿಸಿದೆ. ಅಧ್ಯಯನಕ್ಕೆ ಪ್ರಶ್ನಾವಳಿ ಮತ್ತು ಸಂದರ್ಶನ ವಿಧಾನಗಳನ್ನು ಬಳಸಲಾಗಿದೆ. ಕೃಷಿ ಹೊಂಡದಿಂದ ರೈತರ ಶೇಂಗಾ ಇಳುವರಿ ಹೆಚ್ಚಿದ್ದು, ಬರವನ್ನು ಎದುರಿಸುವ ಶಕ್ತಿ ಅವರಿಗೆ ಬಂದಿದೆ. ಆದ್ದರಿಂದ ಈ ಯೋಜನೆಯನ್ನು ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ವಿಸ್ತರಿಸಬೇಕು.’

ಸಾರಾಂಶದಲ್ಲೂ ಹೆಚ್ಚುಕಡಿಮೆ ಇದೇ ಇದೆ. ಯಾವ ತುದಿಯಿಂದ ಬಿಚ್ಚಲಿ?

ಮಂಜಪ್ಪ (ಸೋಮವಾರ, ಬೆಳಿಗ್ಗೆ)

ಸಾರಲೇಖಕ್ಕೆ ನಮ್ಮಲ್ಲಿ ನಿಯಮವಿದೆ, ಮೇಡಂ. ಪ್ರಬಂಧ ಸಲ್ಲಿಸುವುದಕ್ಕೆ ಮುಂಚೆ ಗೋಷ್ಠಿಯಲ್ಲಿ ಮಂಡಿಸಿ, ಆಮೇಲೆ ಪ್ರತಿಗಳನ್ನು ಕೊಡಬೇಕು. ಅದರಲ್ಲಿ ಎಲ್ಲ ಅಧ್ಯಾಯಗಳ ಪರಿಚಯ ಬರಲೇಬೇಕು. ನಕಲು ಎಂದು ಯಾರೂ ಆಕ್ಷೇಪಿಸುವುದಿಲ್ಲ. ಧೈರ್ಯವಾಗಿ ಕೊಡಿ.

ರೇಣುಕಾ (ಸೋಮವಾರ, ಮಧ್ಯಾಹ್ನ)

ಮಂಜಪ್ಪ ಸರ್, ಸಾರಲೇಖ ಸಲ್ಲಿಸಿ ಆಗಿದೆ. ನಾನು ಕೇಳುತ್ತಿರುವುದು ಪ್ರಬಂಧದ ಒಳಗಿನ ಕೊನೆಯ ಅಧ್ಯಾಯದ ಬಗ್ಗೆ. ಪ್ರಬಂಧದ ಮೊದಲಲ್ಲಿ ಒಂದೂವರೆ ಪುಟದ ಸಾರಾಂಶವಿದೆ. ಕೊನೆಯ ಅಧ್ಯಾಯವೂ ಅದರಂತೆಯೇ ಓದಿಸಿಕೊಳ್ಳುತ್ತಿದೆ ಎಂಬುದು ತೊಂದರೆ.

ಗಿರೀಶ್ (ಸೋಮವಾರ, ಮಧ್ಯಾಹ್ನ)

ನಾನು ಹೋದ ವರ್ಷ ಮುಗಿಸಿದೆ. ಉಪಾಯ ಸುಲಭ. ‘ಹೆಚ್ಚಿದೆ’ ಎಂದಿರುವ ಕಡೆಯೆಲ್ಲ ‘ಹೆಚ್ಚಿರಬಹುದು’ ಎಂದು ಹಾಕಿ. ‘ಬಂದಿದೆ’ಗೆ ‘ಬಂದಿರಬಹುದು’. ಆಗ ಅತಿಯಾಗಿ ಹೇಳಿದಿರಿ ಎಂದು ಯಾರೂ ಹಿಡಿಯಲಾರರು. ಇನ್ನು, ಉಪಸಂಹಾರದಲ್ಲಿ ಹೊಸ ಅಂಕಿಅಂಶ ತರಬಾರದು, ಹೊಸ ಉಲ್ಲೇಖ ತರಬಾರದು. ಸಂಖ್ಯೆಗಳನ್ನೇ ತೆಗೆದುಬಿಟ್ಟರೆ ಸಾರಾಂಶದಂತೆ ಕಾಣುವುದೂ ತಪ್ಪುತ್ತದೆ.

ವಿಶಾಲಾಕ್ಷಿ (ಸೋಮವಾರ, ಸಂಜೆ)

ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಪರೀಕ್ಷಕಳಾಗಿ ಸಾಕಷ್ಟು ಪ್ರಬಂಧಗಳನ್ನು ಓದಿದ್ದೇನೆ. ಹೆಚ್ಚಿನ ಪರೀಕ್ಷಕರು ಮೊದಲ ಅಧ್ಯಾಯ ಓದಿದ ಕೂಡಲೇ ಕೊನೆಯದಕ್ಕೆ ಹಾರುತ್ತಾರೆ, ನಾನೂ ಹಾಗೆಯೇ. ಕೇಳಿದ್ದೇನು, ಉತ್ತರಿಸಿದ್ದೇನು ಎಂದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಆಮೇಲೆ ನಡುವಿನ ಅಧ್ಯಾಯಗಳಿಗೆ ಬರುತ್ತೇನೆ.

ಗಿರೀಶ್ ಅವರ ಮಾತಿನಲ್ಲಿ ಅರ್ಧ ಸರಿ. ಹಿಂದಿನ ಅಧ್ಯಾಯಗಳಲ್ಲಿ ಕಾಣದ ಹೊಸ ದತ್ತಾಂಶ ಕೊನೆಯಲ್ಲಿ ತಲೆಯೆತ್ತಬಾರದು, ನಿಜ. ಆದರೆ ಎಲ್ಲ ವಾಕ್ಯಕ್ಕೂ ‘ಬಹುದು’ ಅಂಟಿಸಿದರೆ ನಿಮಗೆ ಖಚಿತವಾಗಿ ಗೊತ್ತಿರುವುದಕ್ಕೂ ಅನುಮಾನ ಮೆತ್ತಿಕೊಳ್ಳುತ್ತದೆ. ರೇಣುಕಾ ಅವರೇ, ಅರವತ್ತು ಹೊಂಡಗಳಲ್ಲಿ ಎಷ್ಟು ಬಳಕೆಯಲ್ಲಿಲ್ಲ ಎಂಬುದನ್ನು ನೀವು ಕಣ್ಣಾರೆ ನೋಡಿ ಎಣಿಸಿದ್ದೀರಿ. ಅಲ್ಲಿ ‘ಇರಬಹುದು’ ಎಂದರೆ ಅದು ನಿಮ್ಮದೇ ಕೆಲಸಕ್ಕೆ ಮಾಡುವ ಅನ್ಯಾಯ. ಇಳುವರಿಯ ವಿಚಾರದಲ್ಲಿ ನಿಮಗೆ ಗೊತ್ತಿರುವುದು ಕಡಿಮೆ. ಅಲ್ಲಿ ‘ಬಹುದು’ ಒಂದೇ ಸಾಲದು, ಏಕೆ ಗೊತ್ತಿಲ್ಲ ಎಂದೂ ಹೇಳಬೇಕು.

ಈಗ ನಿಮ್ಮ ವಾಕ್ಯವನ್ನೇ ತೆಗೆದುಕೊಳ್ಳಿ: ‘ಹೊಂಡದಿಂದ ರೈತರ ಇಳುವರಿ ಹೆಚ್ಚಿದೆ.’ ಮೂರು ಪ್ರತಿಪಾದನೆಗಳು ಈ ಪುಟ್ಟ ವಾಕ್ಯದಲ್ಲಿ ಅಡಗಿವೆ. ‘ಹೊಂಡದಿಂದ’ ಎನ್ನುವಾಗ ‘ಇಂದ’ ಪ್ರತ್ಯಯ ಕಾರಣವನ್ನು ಹೇಳುತ್ತದೆ, ಇಳುವರಿಗೆ ಹೊಂಡವೇ ಕಾರಣ ಎಂದಾಯಿತು. ‘ಹೆಚ್ಚಿದೆ’ ಎನ್ನುವಾಗ ಮೊದಲು ಕಡಿಮೆ ಇತ್ತು, ಈಗ ಏರಿದೆ ಎಂಬ ಕಾಲದ ಹೋಲಿಕೆ ಬಂತು. ನೀವು ಹೊಂಡ ತೆಗೆಯುವ ಮೊದಲಿನ ಇಳುವರಿಯನ್ನು ಅಳೆದಿದ್ದೀರಾ? ಇಲ್ಲವಲ್ಲ. ‘ರೈತರ’ ಎಂದಾಗ ಯಾವ ರೈತರು? ಆರು ಹಳ್ಳಿಯವರೇ, ತಾಲ್ಲೂಕಿನವರೇ, ರಾಜ್ಯದವರೇ?

‘ಹೊಂಡವಿದ್ದ ಕುಟುಂಬಗಳಲ್ಲಿ 2023ರ ಶೇಂಗಾ ಇಳುವರಿ ಹೊಂಡವಿಲ್ಲದವರಿಗಿಂತ ಹೆಚ್ಚಾಗಿತ್ತು’ ಎಂದು ಬರೆದರೆ ‘ಇಂದ’ ಹೋಗಿ ‘ಅಲ್ಲಿ’ ಬಂತು, ‘ಹೆಚ್ಚಿದೆ’ ಹೋಗಿ ‘ಹೆಚ್ಚಾಗಿತ್ತು’ ಬಂತು. ನೀವು ಅಳೆದದ್ದು ಇಷ್ಟೇ. ಒಂದೇ ಸಲ ಹೋಗಿ ಎರಡು ಗುಂಪುಗಳನ್ನು ಹೋಲಿಸಿದ ಅಧ್ಯಯನ ‘ಹೆಚ್ಚಾಗಿತ್ತು’ ಎಂಬ ಕ್ರಿಯಾಪದವನ್ನು ಹೊರಬಲ್ಲದು, ‘ಹೆಚ್ಚಿದೆ’ ಎಂಬುದನ್ನು ಹೊರಲಾರದು.

ಇಳುವರಿಯ ಅಂಕಿಗಳನ್ನು ಇಲ್ಲಿ ಹಾಕುತ್ತೀರಾ?

ರೇಣುಕಾ (ಸೋಮವಾರ, ರಾತ್ರಿ)

ಮೇಡಂ, ‘ಇಂದ’ದ ಬಗ್ಗೆ ನಾನು ಎಂದೂ ಹೀಗೆ ಯೋಚಿಸಿರಲಿಲ್ಲ. ಅಂಕಿಗಳು ಇವು. ಆ ವರ್ಷ ಶೇಂಗಾ ಬಿತ್ತಿದ್ದವರು ಹೊಂಡವಿದ್ದವರಲ್ಲಿ 38 ಕುಟುಂಬ, ಇಲ್ಲದವರಲ್ಲಿ 41. ಸರಾಸರಿ ಇಳುವರಿ ಎಕರೆಗೆ 3.1 ಕ್ವಿಂಟಲ್ ಮತ್ತು 2.5 ಕ್ವಿಂಟಲ್. ವ್ಯತ್ಯಾಸ 0.6 ಕ್ವಿಂಟಲ್. ಈ ವ್ಯತ್ಯಾಸ ಬರೀ ಆಕಸ್ಮಿಕವೇ ಎಂದು ನೋಡುವ ಪರೀಕ್ಷೆಯಲ್ಲಿ ಪಿ ಮೌಲ್ಯ 0.09 ಬಂದಿದೆ.

ಗಿರೀಶ್ (ಸೋಮವಾರ, ರಾತ್ರಿ)

0.09 ಎಂದರೆ ವಾಡಿಕೆಯ ಮಿತಿಯಾದ 0.05ಕ್ಕಿಂತ ಹೆಚ್ಚು. ಹಾಗಾದರೆ ವಿಷಯ ಮುಗಿಯಿತು. ‘ಹೊಂಡಕ್ಕೂ ಇಳುವರಿಗೂ ಸಂಬಂಧವಿಲ್ಲ ಎಂದು ಸಾಬೀತಾಗಿದೆ’ ಎಂದು ಬರೆಯಿರಿ. ಅದೂ ಒಂದು ಫಲಿತವೇ.

ಹನುಮಂತರಾಯ (ಮಂಗಳವಾರ, ಬೆಳಿಗ್ಗೆ)

ನಾನು ಸಂಶೋಧಕನಲ್ಲ, ರೈತ. ಮಗಳು ಈ ಚರ್ಚೆಯನ್ನು ತೋರಿಸಿದಳು. ಹೊಂಡದಿಂದ ಪ್ರಯೋಜನವಿಲ್ಲ ಎಂದು ಇಲ್ಲಿ ಬರೆಯುತ್ತಿರುವುದು ನೋಡಿ ಬೇಸರವಾಯಿತು. ನನ್ನ ಜಮೀನಿನಲ್ಲಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಹೊಂಡವಿದೆ. ಒಂದು ವರ್ಷ ಕಾಯಿ ಕಟ್ಟುವ ಹೊತ್ತಿಗೆ ಇಪ್ಪತ್ತೆರಡು ದಿನ ಮಳೆ ಬರಲಿಲ್ಲ. ಡೀಸೆಲ್ ಪಂಪು ಹಚ್ಚಿ, ತುಂತುರು ನೀರಾವರಿಯಲ್ಲಿ ಎರಡು ಸಲ ನೀರು ಕೊಟ್ಟೆ. ಪಕ್ಕದ ಹೊಲದವರು ಬಳ್ಳಿ ಕಿತ್ತು ದನಕ್ಕೆ ಹಾಕಿದರು, ನಾನು ಮೂಟೆ ಕಟ್ಟಿದೆ.

ಆದರೆ 2023 ಬೇರೆ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ನಮ್ಮ ಕಡೆ ನೀರು ಹರಿದು ಬರುವಂಥ ಮಳೆಯೇ ಆಗಲಿಲ್ಲ. ಹೊಂಡದ ತಳದಲ್ಲಿ ಮೊಣಕಾಲುದ್ದ ನೀರು, ಅದೂ ಆಗಸ್ಟ್‌ನಲ್ಲೇ ಆರಿಹೋಯಿತು. ಆ ವರ್ಷ ಹೊಂಡ ನೋಡಿ ತೀರ್ಪು ಕೊಟ್ಟರೆ ಅದು ಸರಿಯೇ, ತಂಗಿ?

ವಿಶಾಲಾಕ್ಷಿ (ಮಂಗಳವಾರ, ಮಧ್ಯಾಹ್ನ)

ಹನುಮಂತರಾಯರೇ, ಹೊಂಡ ಬೇಡವೆಂದು ರೇಣುಕಾ ಹೇಳಿಲ್ಲ. ಅವರು ಅಳೆದದ್ದು ಎಷ್ಟನ್ನು ಹೇಳಲು ಸಾಕು ಎಂಬುದೇ ಇಲ್ಲಿಯ ಚರ್ಚೆ. ಆದರೂ ನೀವು ಬರೆದದ್ದು ಒಳ್ಳೆಯದಾಯಿತು. ಪ್ರಬಂಧದ ಎರಡನೆಯ ಪ್ರಶ್ನೆಗೆ ಬೇಕಾದ ಕೀಲಿ ನಿಮ್ಮ ಕೊನೆಯ ಸಾಲಿನಲ್ಲಿದೆ.

ಮೊದಲು ಗಿರೀಶ್ ಅವರಿಗೆ. 0.09 ಬಂದ ಮಾತ್ರಕ್ಕೆ ‘ಸಂಬಂಧವಿಲ್ಲ’ ಎಂದು ಸಾಬೀತಾಗುವುದಿಲ್ಲ. ಅಷ್ಟು ಕಡಿಮೆ ಕುಟುಂಬಗಳಿಂದ, ಅಷ್ಟು ಏರುಪೇರಿರುವ ಇಳುವರಿಯಿಂದ ಬಂದ 0.6ರ ಸುತ್ತ ಒಂದು ವ್ಯಾಪ್ತಿಯಿದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ ನಿಜವಾದ ವ್ಯತ್ಯಾಸ 0.1 ಕ್ವಿಂಟಲ್ ಕಡಿಮೆಯಿಂದ ಹಿಡಿದು 1.3 ಕ್ವಿಂಟಲ್ ಹೆಚ್ಚಿನವರೆಗೆ ಎಲ್ಲಿ ಬೇಕಾದರೂ ಇದ್ದೀತು. ಎಕರೆಗೆ ಎರಡೂವರೆ ಕ್ವಿಂಟಲ್ ಬೆಳೆಯುವ ಕಡೆ 1.3 ಹೆಚ್ಚು ಎಂದರೆ ಅರ್ಧದಷ್ಟು ಹೆಚ್ಚು! ಅಷ್ಟು ದೊಡ್ಡ ಲಾಭವನ್ನೂ ಈ ದತ್ತಾಂಶ ತಳ್ಳಿಹಾಕುವುದಿಲ್ಲ, ಏನೂ ಇಲ್ಲ ಎಂಬುದನ್ನೂ ತಳ್ಳಿಹಾಕುವುದಿಲ್ಲ. ‘ಹೆಚ್ಚಿದೆ’ ಎನ್ನುವುದು ಒಂದು ಅತಿ, ‘ಸಂಬಂಧವಿಲ್ಲ’ ಎನ್ನುವುದು ಅದರಷ್ಟೇ ದೊಡ್ಡ ಇನ್ನೊಂದು ಅತಿ. ಎರಡನೆಯದು ವಿನಯದ ವೇಷದಲ್ಲಿ ಬರುವುದರಿಂದ ಪರೀಕ್ಷಕರ ಕಣ್ಣಿಗೂ ಬೇಗ ಬೀಳುವುದಿಲ್ಲ.

ಇನ್ನು ರೇಣುಕಾ ಅವರಿಗೆ ಎರಡು ಪ್ರಶ್ನೆ. ಆ 38 ಕುಟುಂಬಗಳಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನಿಜಕ್ಕೂ ನೀರು ಕೊಟ್ಟವರು ಎಷ್ಟು? ನೀರು ಕೊಟ್ಟವರಲ್ಲಿ ಕೊಳವೆಬಾವಿಯೂ ಇದ್ದವರು ಎಷ್ಟು?

ರೇಣುಕಾ (ಮಂಗಳವಾರ, ರಾತ್ರಿ)

ಸಂಜೆಯೆಲ್ಲ ಪ್ರಶ್ನಾವಳಿಗಳನ್ನು ಹರಡಿಕೊಂಡು ಕುಳಿತಿದ್ದೆ. 38ರಲ್ಲಿ ನೀರು ಕೊಟ್ಟವರು 17. ಆ 17ರಲ್ಲಿ 11 ಮನೆಗಳಿಗೆ ಕೊಳವೆಬಾವಿಯಿದೆ. ಎರಡೂ ಅಂಕಿಗಳು ಐದನೆಯ ಅಧ್ಯಾಯದ ಬೇರೆಬೇರೆ ಕೋಷ್ಟಕಗಳಲ್ಲಿವೆ. ನಾನೇ ಅವನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಹನುಮಂತರಾಯರೇ, ನೀವು ಹೇಳಿದ್ದು ನನಗೆ ಸಂದರ್ಶನಗಳಲ್ಲೂ ಸಿಕ್ಕಿತ್ತು. ಒಬ್ಬ ಅಜ್ಜಿ ಹೊಂಡದ ದಂಡೆಯಲ್ಲಿ ನಿಂತು, ‘ಇದು ತುಂಬಿದ ವರ್ಷ ನಮಗೆ ಇದರ ಅಗತ್ಯ ಬೀಳುವುದಿಲ್ಲ, ಅಗತ್ಯ ಬಿದ್ದ ವರ್ಷ ಇದು ತುಂಬುವುದಿಲ್ಲ’ ಎಂದಿದ್ದರು. ಅದನ್ನು ಆರನೆಯ ಅಧ್ಯಾಯದಲ್ಲಿ ಬರೆದು, ಉಪಸಂಹಾರಕ್ಕೆ ಬರುವಷ್ಟರಲ್ಲಿ ಮರೆತೇಬಿಟ್ಟಿದ್ದೇನೆ.

ವಿಶಾಲಾಕ್ಷಿ (ಬುಧವಾರ, ಬೆಳಿಗ್ಗೆ)

ನಿಮ್ಮ ಉಪಸಂಹಾರ ಸಾರಾಂಶದ ನಕಲಾಗಿರುವುದಕ್ಕೆ ಕಾರಣ ಇದೇ ನೋಡಿ. ಸಾರಾಂಶವನ್ನು ಓದುವವರು ಪ್ರಬಂಧವನ್ನು ಇನ್ನೂ ತೆರೆದಿರುವುದಿಲ್ಲ. ಅವರಿಗೆ ಎಲ್ಲಿ, ಎಷ್ಟು ಜನ, ಯಾವ ವಿಧಾನ ಎಂದು ಹೇಳಬೇಕು. ಉಪಸಂಹಾರಕ್ಕೆ ಬರುವವರು ಇನ್ನೂರು ಪುಟ ನಡೆದು ಬಂದಿರುತ್ತಾರೆ. ಅವರಿಗೆ ‘120 ಕುಟುಂಬಗಳನ್ನು ಆಧರಿಸಿದೆ’ ಎಂದು ಮತ್ತೆ ಹೇಳುವ ಅಗತ್ಯವಿಲ್ಲ. ಐದನೆಯ ಅಧ್ಯಾಯದ ಕೋಷ್ಟಕವನ್ನೂ ಆರನೆಯ ಅಧ್ಯಾಯದ ಅಜ್ಜಿಯ ಮಾತನ್ನೂ ಎದುರುಬದುರು ಕೂರಿಸಿದರೆ ಏನು ತಿಳಿಯುತ್ತದೆ ಎಂಬುದು ಅವರಿಗೆ ಬೇಕು. ಆ ಜೋಡಣೆ ಹಿಂದಿನ ಯಾವ ಅಧ್ಯಾಯದಲ್ಲೂ ಆಗಲು ಸಾಧ್ಯವಿಲ್ಲ, ಸಾರಾಂಶದಲ್ಲಿ ಅದಕ್ಕೆ ಜಾಗವಿಲ್ಲ. ದತ್ತಾಂಶ ಹೊಸದಲ್ಲ, ಆದರೆ ಮಾತು ಹೊಸದು.

ಹೀಗೆ ಮಾಡಿ. ಈಗಿರುವ ಅಧ್ಯಾಯವನ್ನು ಪಕ್ಕಕ್ಕಿಡಿ, ಸಾರಾಂಶದ ಕಡತವನ್ನು ಮುಚ್ಚಿ. ಖಾಲಿ ಹಾಳೆಯ ಮೇಲೆ ಮೊದಲ ಅಧ್ಯಾಯದ ಪ್ರಶ್ನೆಯನ್ನು ಅಕ್ಷರ ಬದಲಿಸದೆ ಬರೆಯಿರಿ. ಅದರ ಕೆಳಗೆ ಒಂದೇ ವಾಕ್ಯದಲ್ಲಿ ಉತ್ತರ. ‘ಪ್ರಸ್ತುತ ಅಧ್ಯಯನವು’ ಎಂದು ಆ ವಾಕ್ಯ ಶುರುವಾಗಬಾರದು, ಹೊಂಡದಿಂದಲೋ ಕುಟುಂಬದಿಂದಲೋ ನೀರಿನಿಂದಲೋ ಶುರುವಾಗಲಿ. ಆಮೇಲೆ ಆ ಉತ್ತರದ ಕ್ರಿಯಾಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಈ ಕ್ರಿಯಾಪದವನ್ನು ಯಾವ ಕೋಷ್ಟಕ ಹೊರುತ್ತದೆ ಎಂದು ಅಂಚಿನಲ್ಲಿ ಅದರ ಸಂಖ್ಯೆ ಬರೆಯಿರಿ. ಸಂಖ್ಯೆ ಸಿಗದಿದ್ದರೆ ಕ್ರಿಯಾಪದವನ್ನು ಇಳಿಸಿ. ‘ಬರ ಎದುರಿಸುವ ಶಕ್ತಿ ಬಂದಿದೆ’ ಎಂಬುದಕ್ಕೆ ಯಾವ ಕೋಷ್ಟಕ ಬರೆಯುತ್ತೀರಿ?

ರೇಣುಕಾ (ಬುಧವಾರ, ಬೆಳಿಗ್ಗೆ)

ಯಾವುದೂ ಇಲ್ಲ, ಮೇಡಂ. ಅದನ್ನು ನಾನು ಅಳೆದೇ ಇಲ್ಲ. ಇಲಾಖೆಯ ಕರಪತ್ರದಲ್ಲಿ ಓದಿದ್ದು ಹಾಗೆಯೇ ಬಂದುಬಿಟ್ಟಿದೆ.

ಅನ್ನಪೂರ್ಣ (ಬುಧವಾರ, ಮಧ್ಯಾಹ್ನ)

ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವಳು. ನಮ್ಮಲ್ಲಿ ಕೊನೆಯ ಅಧ್ಯಾಯದ ಹೆಸರೇ ‘ಸಾರಾಂಶ ಮತ್ತು ತೀರ್ಮಾನಗಳು’. ವಿಧಾನವನ್ನೂ ಮುಖ್ಯ ಫಲಿತಗಳನ್ನೂ ಮತ್ತೆ ಹೇಳಬೇಕೆಂದು ನಮೂನೆಯೇ ಹೇಳುತ್ತದೆ. ಅಂಥ ಕಡೆ ವಿಶಾಲಾಕ್ಷಿ ಮೇಡಂ ಹೇಳಿದಂತೆ ಬರೆದರೆ ಸಾರಾಂಶದ ಭಾಗ ಎಲ್ಲಿ ಎಂದು ಕೇಳುತ್ತಾರೆ. ನಾನು ಎರಡು ಉಪಶೀರ್ಷಿಕೆ ಮಾಡಿಕೊಂಡೆ. ಮೊದಲಿನದರಲ್ಲಿ ಎರಡು ಪುಟ ಮರುಕಥನ, ಎರಡನೆಯದರಲ್ಲಿ ಪ್ರಶ್ನೆಗಳಿಗೆ ಉತ್ತರ. ರೇಣುಕಾ, ನಿಮ್ಮ ವಿಶ್ವವಿದ್ಯಾಲಯದ ನಮೂನೆ ಏನು ಕೇಳುತ್ತದೆ ನೋಡಿಕೊಳ್ಳಿ.

ಇನ್ನೊಂದು ಮಾತು, ಮಣ್ಣಿನ ಬಗ್ಗೆ. ಪಾವಗಡದ ಕಡೆಯದು ಕೆಂಪು ಮಣ್ಣು, ನೀರು ಬೇಗ ಇಂಗುತ್ತದೆ. ಅದಕ್ಕೇ ಹೊಂಡಕ್ಕೆ ಪಾಲಿಥೀನ್ ಹಾಳೆ ಹೊದಿಸುತ್ತಾರೆ, ಹಾಳೆ ಹರಿದರೆ ಹೊಂಡ ಸತ್ತಂತೆ. ಗದಗ, ವಿಜಯಪುರದ ಎರೆಭೂಮಿಯಲ್ಲಿ ಜೇಡಿ ಹೆಚ್ಚು, ಹಾಳೆಯಿಲ್ಲದೆಯೂ ನೀರು ಸಾಕಷ್ಟು ದಿನ ನಿಲ್ಲುತ್ತದೆ. ಅಲ್ಲಿ ತೊಂದರೆ ಬೇರೆ, ಹೂಳು ತುಂಬುವುದು. ಆದ್ದರಿಂದ ‘ರಾಜ್ಯದ ಎಲ್ಲ ತಾಲ್ಲೂಕುಗಳಿಗೂ’ ಎಂಬ ನಿಮ್ಮ ವಾಕ್ಯ ಬೇರೆಲ್ಲಕ್ಕಿಂತ ದೂರ ಹಾರಿದೆ. ನಿಮ್ಮ ಮೂರನೆಯ ಪ್ರಶ್ನೆಯ ಉತ್ತರವೂ ಕೆಂಪು ಮಣ್ಣಿನ, ಹಾಳೆ ಹೊದಿಸಿದ ಹೊಂಡಗಳಿಗೆ ಮಾತ್ರ.

ರೇಣುಕಾ (ಬುಧವಾರ, ಸಂಜೆ)

ಅನ್ನಪೂರ್ಣಾ ಅವರೇ, ಇದು ತುಂಬ ಉಪಯೋಗವಾಯಿತು. 60ರಲ್ಲಿ 23 ಹೊಂಡಗಳು ಬಳಕೆಯಲ್ಲಿರಲಿಲ್ಲ, ಅದರಲ್ಲಿ 14 ಕಡೆ ಹಾಳೆ ಹರಿದಿತ್ತು. ನಮ್ಮ ನಮೂನೆಯಲ್ಲಿ ಅಧ್ಯಾಯದ ಹೆಸರು ‘ಫಲಿತಗಳು, ಸಲಹೆಗಳು ಮತ್ತು ಉಪಸಂಹಾರ’. ಸಲಹೆಗಳು ಇರಲೇಬೇಕು. ನನ್ನ ಈಗಿನ ಕರಡಿನಲ್ಲಿ ಹದಿನೆಂಟು ಸಲಹೆಗಳಿವೆ. ಹಿಂದಿನ ಪ್ರಬಂಧಗಳಲ್ಲೂ ಅಷ್ಟಷ್ಟೇ ಇದ್ದವು ಎಂದು ಬರೆದದ್ದು.

ಸುಮನಾ (ಬುಧವಾರ, ರಾತ್ರಿ)

ನಾನು ಕನ್ನಡ ಸಾಹಿತ್ಯದ ಸಂಶೋಧಕಿ. ನಮ್ಮಲ್ಲಿ ಪಿ ಮೌಲ್ಯವೂ ಇಲ್ಲ, ಕೋಷ್ಟಕವೂ ಇಲ್ಲ. ಆರು ಮಹಿಳೆಯರ ಆತ್ಮಕಥನಗಳನ್ನು ಇಟ್ಟುಕೊಂಡು, ಮದುವೆಯ ನಂತರದ ಓದಿನ ಬಗ್ಗೆ ಅವರು ಹೇಗೆ ಬರೆದಿದ್ದಾರೆ ಎಂದು ನೋಡಿದ್ದೇನೆ. ಉಪಸಂಹಾರದಲ್ಲಿ ‘ಕನ್ನಡ ಮಹಿಳೆಯರು ಓದನ್ನು ಗುಟ್ಟಾಗಿ ಉಳಿಸಿಕೊಂಡರು’ ಎಂದು ಬರೆದಿದ್ದೆ. ‘ರೈತರ’ ಎಂಬ ಪದದ ಬಗ್ಗೆ ಮೇಡಂ ಹೇಳಿದ್ದನ್ನು ಓದಿ ನಿಂತುಬಿಟ್ಟೆ. ಆರು ಜನರೂ ಓದು ಬರಹ ಬಲ್ಲ ಮನೆಗಳಲ್ಲಿ ಹುಟ್ಟಿದವರು, ಆರೂ ಪುಸ್ತಕಗಳು ಅಚ್ಚಾಗಿವೆ. ಅಚ್ಚಾಗದ, ಬರೆಯಲಾಗದ ಬದುಕುಗಳ ಬಗ್ಗೆ ನನ್ನ ವಾಕ್ಯ ಮಾತನಾಡಿಬಿಟ್ಟಿದೆ. ನನ್ನಂಥವರಿಗೆ ಕೋಷ್ಟಕದ ಸಂಖ್ಯೆಯ ಬದಲು ಪುಟಸಂಖ್ಯೆ ಬರೆದುಕೊಳ್ಳಬಹುದೇ?

ವಿಶಾಲಾಕ್ಷಿ (ಗುರುವಾರ, ಬೆಳಿಗ್ಗೆ)

ಖಂಡಿತ ಬರೆದುಕೊಳ್ಳಿ, ಸುಮನಾ. ಆರರಲ್ಲಿ ಎಷ್ಟು ಪುಸ್ತಕಗಳು ಆ ಮಾತನ್ನು ಹೇಳುತ್ತವೆ, ಯಾವುದು ಹೇಳುವುದಿಲ್ಲ ಎಂಬುದನ್ನೂ ಉಪಸಂಹಾರಕ್ಕೆ ತನ್ನಿ. ಹೇಳದ ಒಂದು ಪುಸ್ತಕ ಇದ್ದರೆ ಅದೇ ನಿಮ್ಮ ಉತ್ತರವನ್ನು ಗಟ್ಟಿ ಮಾಡುತ್ತದೆ.

ಅನ್ನಪೂರ್ಣಾ ಅವರ ಆಕ್ಷೇಪ ಸರಿ. ನಮೂನೆಗೆ ವಿರುದ್ಧವಾಗಿ ಬರೆಯಲು ನಾನು ಹೇಳುವುದಿಲ್ಲ.

ಸಲಹೆಗಳ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಉಪಸಂಹಾರದ ಪ್ಯಾರಾಗಳನ್ನು ಎಚ್ಚರದಿಂದ ತಿದ್ದಿದವರೂ ಸಲಹೆಗಳ ಪಟ್ಟಿಯಲ್ಲಿ ಎಡವುತ್ತಾರೆ. ಮೇಲೆ ‘ಈ ಆರು ಹಳ್ಳಿಗಳಲ್ಲಿ’ ಎಂದು ಬರೆದು, ಕೆಳಗೆ ‘ಸರ್ಕಾರ ಎಲ್ಲೆಡೆ ಜಾರಿಗೊಳಿಸಬೇಕು’ ಎನ್ನುತ್ತಾರೆ. ಹದಿನೆಂಟು ಸಲಹೆಗಳಲ್ಲಿ ಒಂದೊಂದರ ಮುಂದೆಯೂ ಅದು ಯಾವ ಪ್ರಶ್ನೆಯ ಉತ್ತರದಿಂದ ಹುಟ್ಟಿತು ಎಂದು 1, 2, 3 ಬರೆಯಿರಿ. ಯಾವ ಸಂಖ್ಯೆಯೂ ಬರೆಯಲಾಗದ ಸಲಹೆಗಳನ್ನು ತೆಗೆದುಹಾಕಿ. ‘ರೈತರಿಗೆ ಜಾಗೃತಿ ಮೂಡಿಸಬೇಕು’ ಎಂಬಂಥವು ಆಗಲೇ ಉದುರುತ್ತವೆ. ‘ಹಾಳೆ ಹರಿದಾಗ ಬದಲಿಸಲು ನೆರವು ಬೇಕು’ ಎಂಬುದು ಉಳಿಯುತ್ತದೆ, ಅದಕ್ಕೆ ಹದಿನಾಲ್ಕು ಹೊಂಡಗಳ ಸಾಕ್ಷಿಯಿದೆ.

ಗಿರೀಶ್ (ಗುರುವಾರ, ಮಧ್ಯಾಹ್ನ)

ಮೇಡಂ, ನಾನು ‘ಸಾಬೀತಾಗಿದೆ’ ಎಂದದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ನನ್ನ ಪ್ರಬಂಧದಲ್ಲೂ ಅಂಥ ಎರಡು ವಾಕ್ಯಗಳಿವೆ. ಆದರೆ ಬೇರೆ ಒಂದು ತೊಡಕು ಕಾಣುತ್ತಿದೆ. ರೇಣುಕಾ ಅವರ ಎರಡನೆಯ ಪ್ರಶ್ನೆಯಲ್ಲೇ ‘ಹೊಂಡದಿಂದ ಆದ ಪರಿಣಾಮ’ ಎಂದಿದೆ. ಅವರ ವಿಧಾನದಿಂದ ಪರಿಣಾಮವನ್ನು ಹೇಳಲು ಬರುವುದಿಲ್ಲ ಎಂದಾದರೆ ಮೊದಲ ಅಧ್ಯಾಯದ ಪ್ರಶ್ನೆಯನ್ನೇ ‘ವ್ಯತ್ಯಾಸವೇನು’ ಎಂದು ತಿದ್ದಿಬಿಡಬಹುದಲ್ಲ? ಪ್ರಬಂಧ ಇನ್ನೂ ಸಲ್ಲಿಸಿಲ್ಲ.

ವಿಶಾಲಾಕ್ಷಿ (ಗುರುವಾರ, ಸಂಜೆ)

ನನಗೆ ಒಪ್ಪಿಗೆಯಿಲ್ಲ. ಉತ್ತರ ನೋಡಿಕೊಂಡು ಪ್ರಶ್ನೆಯನ್ನು ಸದ್ದಿಲ್ಲದೆ ಬದಲಿಸಿದರೆ ಓದುಗರಿಗೆ ಕೈಕೊಟ್ಟಂತೆ. ಪ್ರಶ್ನೆ ಹಾಗೆಯೇ ಇರಲಿ. ‘ಪರಿಣಾಮವನ್ನು ಕೇಳಿದ್ದೆ, ಈ ವಿಧಾನದಿಂದ ವ್ಯತ್ಯಾಸದವರೆಗೆ ಮಾತ್ರ ಬರಲು ಸಾಧ್ಯವಾಯಿತು’ ಎಂದು ಬರೆಯಲಿ.

ಅನ್ನಪೂರ್ಣ (ಗುರುವಾರ, ರಾತ್ರಿ)

ಇಲ್ಲಿ ನಾನು ಗಿರೀಶ್ ಅವರ ಕಡೆ. ನೋಂದಣಿಯಾದ ಶೀರ್ಷಿಕೆಯನ್ನು ಮನಬಂದಂತೆ ಬದಲಿಸುವಂತಿಲ್ಲ, ನಿಜ. ಆದರೆ ಕ್ಷೇತ್ರಕಾರ್ಯ ಮುಗಿದ ಮೇಲೆ ಪ್ರಶ್ನೆಯ ಮಾತುಗಳನ್ನು ಮಾರ್ಗದರ್ಶಕರ ಒಪ್ಪಿಗೆಯಿಂದ ಹರಿತಗೊಳಿಸುವುದು ಎಲ್ಲ ಕಡೆ ನಡೆಯುತ್ತದೆ. ಪ್ರಶ್ನೆ ಮೊದಲೇ ತಪ್ಪಾಗಿತ್ತು ಎಂದು ಗೊತ್ತಾದ ಮೇಲೂ ಅದನ್ನು ಹಾಗೆಯೇ ಬಿಟ್ಟರೆ ಮೌಖಿಕ ಪರೀಕ್ಷೆಯಲ್ಲಿ ‘ಗೊತ್ತಿದ್ದೂ ಏಕೆ ಕೇಳಿದಿರಿ’ ಎಂದು ಕೇಳುತ್ತಾರೆ. ಬದಲಿಸಿ, ಬದಲಿಸಿದ್ದನ್ನು ವಿಧಾನದ ಅಧ್ಯಾಯದಲ್ಲಿ ಒಂದು ಸಾಲಿನಲ್ಲಿ ಹೇಳಿದರಾಯಿತು.

ರೇಣುಕಾ (ಶನಿವಾರ, ಬೆಳಿಗ್ಗೆ)

ಎರಡು ದಿನ ಕುಳಿತು ಎರಡನೆಯ ಪ್ರಶ್ನೆಯ ಭಾಗವನ್ನು ಹೊಸದಾಗಿ ಬರೆದೆ. ಪ್ರಶ್ನೆಯನ್ನು ಸದ್ಯಕ್ಕೆ ಬದಲಿಸಿಲ್ಲ, ಆ ತೀರ್ಮಾನವನ್ನು ಮಾರ್ಗದರ್ಶಕರನ್ನು ಕೇಳಿಯೇ ಮಾಡುತ್ತೇನೆ. ದಯವಿಟ್ಟು ಓದಿ:

‘ಹೊಂಡದಿಂದ ಶೇಂಗಾ ಇಳುವರಿಯ ಮೇಲೆ ಆದ ಪರಿಣಾಮವೇನು? ಹೊಂಡವಿದ್ದ ಕುಟುಂಬಗಳಲ್ಲಿ 2023ರ ಇಳುವರಿ ಎಕರೆಗೆ ಸುಮಾರು ಅರ್ಧ ಕ್ವಿಂಟಲಿನಷ್ಟು ಹೆಚ್ಚಾಗಿತ್ತು. ಈ ವ್ಯತ್ಯಾಸ ಹೊಂಡದ್ದೇ ಎಂದು ಹೇಳಲು ಎರಡು ಅಡ್ಡಿಗಳಿವೆ. ಶೇಂಗಾ ಬಿತ್ತಿದ್ದ 38 ಹೊಂಡಧಾರಿ ಕುಟುಂಬಗಳಲ್ಲಿ ಕಾಯಿ ಕಟ್ಟುವ ಹಂತದಲ್ಲಿ ನೀರು ಕೊಡಲು ಸಾಧ್ಯವಾದದ್ದು 17ಕ್ಕೆ ಮಾತ್ರ. ಅವುಗಳಲ್ಲಿ 11ಕ್ಕೆ ಕೊಳವೆಬಾವಿಯೂ ಇದ್ದುದರಿಂದ ಬೆಳೆಗೆ ಸಿಕ್ಕ ನೀರು ಯಾವುದರದು ಎಂದು ಬೇರ್ಪಡಿಸಲು ಬರುವುದಿಲ್ಲ. ಕುಟುಂಬಗಳ ಸಂಖ್ಯೆ ಕಡಿಮೆಯಿದ್ದುದರಿಂದ ವ್ಯತ್ಯಾಸವೇ ಇಲ್ಲ ಎಂಬುದನ್ನೂ, ಇದಕ್ಕಿಂತ ಎರಡು ಪಟ್ಟು ವ್ಯತ್ಯಾಸವಿದೆ ಎಂಬುದನ್ನೂ ಈ ದತ್ತಾಂಶ ತಳ್ಳಿಹಾಕುವುದಿಲ್ಲ. ಸಂದರ್ಶನಗಳು ಬೇರೆಯದೇ ಒಂದನ್ನು ತೋರಿಸುತ್ತವೆ. ಹೊಂಡ ಇರುವುದಕ್ಕೂ ಬೇಕಾದ ವಾರದಲ್ಲಿ ಅದರಲ್ಲಿ ನೀರಿರುವುದಕ್ಕೂ ನಡುವೆ ಅಂತರವಿದೆ. ತೀವ್ರ ಬರದ ವರ್ಷದಲ್ಲಿ ಹೊಂಡ ತುಂಬುವಷ್ಟು ಮಳೆಯೇ ಆಗುವುದಿಲ್ಲ. ಆದ್ದರಿಂದ ಹೊಂಡವಿದೆಯೇ ಇಲ್ಲವೇ ಎಂದು ಕುಟುಂಬಗಳನ್ನು ಹೋಲಿಸುವ ಈ ಅಧ್ಯಯನದ ಕ್ರಮ ಇಂಥ ವರ್ಷದಲ್ಲಿ ಇಳುವರಿಯ ಪ್ರಶ್ನೆಗೆ ಸಾಲದು.’

ವಿಶಾಲಾಕ್ಷಿ (ಶನಿವಾರ, ಮಧ್ಯಾಹ್ನ)

ರೇಣುಕಾ, ಕೊನೆಯ ವಾಕ್ಯ ಓದಿ ಸಂತೋಷವಾಯಿತು. ಮುಂದೆ ಹೊಂಡದ ಬಗ್ಗೆ ಅಧ್ಯಯನ ಮಾಡುವವರಿಗೆ ಅದೇ ಉಪಯೋಗಕ್ಕೆ ಬರುತ್ತದೆ. ‘ಹೆಚ್ಚಿನ ಸಂಶೋಧನೆ ಅಗತ್ಯ’ ಎಂದು ಬೇರೆಯಾಗಿ ಬರೆಯಬೇಕಿಲ್ಲ.

ಒಂದು ತಿದ್ದುಪಡಿ. ‘ತೀವ್ರ ಬರದ ವರ್ಷದಲ್ಲಿ ಹೊಂಡ ತುಂಬುವಷ್ಟು ಮಳೆಯೇ ಆಗುವುದಿಲ್ಲ’ ಎಂದು ಎಲ್ಲ ಬರಗಾಲಗಳ ಬಗ್ಗೆ ಹೇಳಿದ್ದೀರಿ. ನೀವು ನೋಡಿದ್ದು ಒಂದೇ ವರ್ಷ. ಒಂದೇ ದಿನ ಬಿರುಮಳೆ ಸುರಿದು ಹೊಂಡ ತುಂಬಿ, ಆಮೇಲೆ ಒಂದು ತಿಂಗಳು ಒಣಗುವ ಬರವೂ ಇರುತ್ತದೆ. ಹನುಮಂತರಾಯರು ಹೇಳಿದ ಇಪ್ಪತ್ತೆರಡು ದಿನದ ಕಥೆ ಅಂಥದ್ದೇ ಇರಬೇಕು. ‘2023ರಲ್ಲಿ ಈ ಹಳ್ಳಿಗಳ ಬಹುಪಾಲು ಹೊಂಡಗಳು ತುಂಬಲಿಲ್ಲ’ ಎಂದು ಭೂತಕಾಲಕ್ಕೆ ತನ್ನಿ.

ಹನುಮಂತರಾಯ (ಶನಿವಾರ, ಸಂಜೆ)

ಹೌದು ಮೇಡಂ, ಆ ಇಪ್ಪತ್ತೆರಡು ದಿನ ಮಳೆ ಬಾರದ ವರ್ಷ ಜುಲೈನಲ್ಲಿ ಎರಡು ದೊಡ್ಡ ಮಳೆ ಬಿದ್ದು ಹೊಂಡ ಕೋಡಿ ಹರಿದಿತ್ತು. ತಂಗಿ, ಈಗ ಬರೆದದ್ದು ನನಗೂ ಅರ್ಥವಾಯಿತು. ಒಂದು ಮಾತು ಮಾತ್ರ ಬಿಟ್ಟುಹೋಗಿದೆ. ಹೊಂಡ ಮತ್ತು ಕೊಳವೆಬಾವಿ ಎರಡೂ ಇರುವವರು ಕೊಳವೆಬಾವಿಯ ನೀರನ್ನು ರಾತ್ರಿ ಕರೆಂಟು ಬಂದಾಗ ಹೊಂಡಕ್ಕೆ ಬಿಟ್ಟುಕೊಂಡು, ಹಗಲು ಅಲ್ಲಿಂದ ಹಾಯಿಸುತ್ತಾರೆ. ನಮ್ಮೂರಿನಲ್ಲಿ ನಾಲ್ಕೈದು ಜನ ಹಾಗೆ ಮಾಡುತ್ತಾರೆ. ಆ 11 ಮನೆಗಳಲ್ಲಿ ಇದನ್ನು ಕೇಳಿದ್ದೀರಾ?

ರೇಣುಕಾ (ಶನಿವಾರ, ರಾತ್ರಿ)

ಕೇಳಿಲ್ಲ. ಆ ದೃಷ್ಟಿಯೇ ನನಗೆ ಹೊಳೆದಿರಲಿಲ್ಲ. ಹನ್ನೊಂದು ಮನೆಗಳ ಫೋನ್ ಸಂಖ್ಯೆಗಳೂ ನನ್ನ ಟಿಪ್ಪಣಿ ಪುಸ್ತಕದಲ್ಲಿವೆ. ಆದರೆ ಈಗ ಕೇಳಿ ಬಂದ ಉತ್ತರವನ್ನು ಉಪಸಂಹಾರಕ್ಕೆ ನೇರವಾಗಿ ತಂದರೆ ಅದು ಹೊಸ ದತ್ತಾಂಶವಾಗುತ್ತದೆ. ಐದನೆಯ ಅಧ್ಯಾಯವನ್ನು ಮತ್ತೆ ತೆರೆದು ಅಲ್ಲಿ ಸೇರಿಸಬೇಕೇ, ಅಥವಾ ಕೇಳದೆ ಬಿಟ್ಟದ್ದನ್ನು ಮಿತಿಯಾಗಿ ಒಂದು ಸಾಲಿನಲ್ಲಿ ಹೇಳಬೇಕೇ? ನಾಳೆ ಮೊದಲು ಫೋನ್ ಮಾಡಿ ಕೇಳುತ್ತೇನೆ. ಏನು ಸಿಕ್ಕಿತೆಂದು ಇಲ್ಲಿ ಬರೆಯುತ್ತೇನೆ.